ಟೆಕ್ಸ್‌ಟೈಲ್ಸ್ ಅಂಗಡಿಯ ಬೋರ್ಡ್ ‘ಟೈಲ್ಸ್’ ಅಂಗಡಿಯ ಬೋರ್ಡ್ ಆಗದಿರಲಿ

ಪ್ರಶ್ನೆ: ನಮಸ್ಕಾರ ಸರ್. ಬಾಗಲಕೋಟೆ ನವನಗರದಲ್ಲಿ ಬಟ್ಟೆ ಅಂಗಡಿ ತೆರೆಯುತ್ತಿದ್ದೇವೆ. ಹೆಸರು ‘ಶ್ರೀ ಬನಶಂಕರಿ ಟೆಕ್ಸ್‌ಟೈಲ್ಸ್’. ಬೋರ್ಡ್ 10 ಅಡಿ ಅಗಲ, 3 ಅಡಿ ಎತ್ತರ, ರಾತ್ರಿ ಲೈಟ್ ಬರುವ ಅಕ್ಷರ ಹಾಕಿಸುತ್ತೇವೆ. ಕೆಳಗೆ ‘ಇಳಕಲ್ ಸೀರೆ, ಗುಳೇದಗುಡ್ಡ ಖಣ’ ಅಂತಲೂ ಬರಬೇಕು. ಡಿಸೈನರ್ ಎರಡು ಪ್ರೂಫ್ ಕಳಿಸಿದ್ದಾರೆ. ಒಂದರಲ್ಲಿ ಒತ್ತಕ್ಷರಗಳು ಗುಂಪುಗೂಡಿ ಓದೋಕೇ ಬರುತ್ತಿಲ್ಲ. ಇನ್ನೊಂದನ್ನು ನೋಡಿ ನಮ್ಮ ಮಾವ ‘ಟೈಲ್ಸ್ ಅಂಗಡಿ ಹಾಕಾಕತ್ತೀಯೇನು?’ ಅಂದರು. ಫೈನಲ್ ಮಾಡುವ ಮೊದಲು ಏನೇನು ನೋಡಬೇಕು?

ಉತ್ತರ: ನಿಮ್ಮ ಎರಡೂ ಪ್ರೂಫ್‌ಗಳ ತಪ್ಪಿಗೆ ಮೂಲ ಒಂದೇ ಜಾಗ. ‘ಟೆಕ್ಸ್’ ಮತ್ತು ‘ಟೈಲ್ಸ್’ ನಡುವೆ ಡಿಸೈನರ್ ಏನು ಟೈಪ್ ಮಾಡಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದನ್ನು ಮೊದಲು ಸರಿಮಾಡಿಕೊಳ್ಳೋಣ. ಅಳತೆ, ಫಾಂಟ್, ಲೈಟ್ ಆಮೇಲೆ.

ಕನ್ನಡದಲ್ಲಿ ಸ್ವರವಿಲ್ಲದ ವ್ಯಂಜನದ ಮುಂದೆ ಇನ್ನೊಂದು ವ್ಯಂಜನ ಬಂದರೆ, ಎರಡನೆಯದು ತಾನಾಗಿಯೇ ಒತ್ತಾಗಿ ಕೆಳಗಿಳಿಯುತ್ತದೆ. ಕಂಪ್ಯೂಟರ್ ಕೂಡ ಇದೇ ನಿಯಮ ಹಿಡಿದು ನಡೆಯುತ್ತದೆ. ‘ಟೆಕ್ಸ್’ ಟೈಪ್ ಮಾಡಿ ಹಾಗೇ ಮುಂದುವರಿದು ‘ಟೈಲ್ಸ್’ ಹೊಡೆದರೆ ಟ ಕೂಡ ಒತ್ತಾಗುತ್ತದೆ. ಆಗ ಸಿಗುವುದು ‘ಟೆಕ್ಸ್ಟೈಲ್ಸ್’. ಇಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಐತ್ವ ಹತ್ತಬೇಕಿದ್ದದ್ದು ಟ ಅಕ್ಷರಕ್ಕೆ. ಆದರೆ ಕನ್ನಡದಲ್ಲಿ ಸ್ವರಚಿಹ್ನೆ ಸಾಮಾನ್ಯವಾಗಿ ಗುಂಪಿನ ಮೊದಲ ವ್ಯಂಜನಕ್ಕೆ ಹತ್ತುತ್ತದೆ. ಹಾಗಾಗಿ ಅದು ಕ ಮೇಲೆ ಹೋಗಿ ಕೂತಿದೆ. ಸ ಮತ್ತು ಟ ಎರಡೂ ಅದರ ಕೆಳಗೆ ಒತ್ತಾಗಿವೆ, ಐತ್ವದ ಕೆಳಗಿನ ಸುರುಳಿಯೂ ಅಲ್ಲೇ ಬಂದು ಸೇರಿದೆ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ‘ಕೈ’. ವ್ಯಾಕರಣದ ಲೆಕ್ಕದಲ್ಲಿ ಇದು ತಪ್ಪಲ್ಲ, ಪುಸ್ತಕದ ಪುಟದಲ್ಲಾದರೆ ಓದುಗರು ನಿಧಾನವಾಗಿ ಬಿಡಿಸಿ ಓದಿಕೊಳ್ಳುತ್ತಾರೆ. ಬೈಕ್ ಮೇಲೆ ಹೋಗುವವರಿಗೆ ಅಷ್ಟು ಹೊತ್ತು ಇರುವುದಿಲ್ಲ, ಅಲ್ವಾ?

ಇದನ್ನು ತಪ್ಪಿಸಲು ಬಹಳ ಜನ ಡಿಸೈನರ್‌ಗಳು ಮಾಡುವುದು ಒಂದೇ ಉಪಾಯ. ನಡುವೆ ಒಂದು ಸ್ಪೇಸ್ ಕೊಡುತ್ತಾರೆ. ‘ಟೆಕ್ಸ್ ಟೈಲ್ಸ್’ ಆಗುತ್ತದೆ. ಒತ್ತಿನ ತೊಂದರೆ ಅಲ್ಲಿಗೆ ಮುಗಿಯಿತು. ಆದರೆ ಈಗ ಸಾಫ್ಟ್‌ವೇರ್ ಲೆಕ್ಕದಲ್ಲಿ ಇವು ಎರಡು ಬೇರೆ ಪದ. ಟೆಕ್ಸ್ಟ್ ಬಾಕ್ಸಿನ ಅಗಲ ಸಾಲದಿದ್ದ ಕೂಡಲೇ ಸಾಲು ಅಲ್ಲೇ ಮುರಿಯುತ್ತದೆ. ‘ಶ್ರೀ ಬನಶಂಕರಿ ಟೆಕ್ಸ್’ ಮೇಲೆ, ‘ಟೈಲ್ಸ್’ ಒಂದೇ ಕೆಳಗೆ. ಕೆಳಗಿನ ಸಾಲಿನಲ್ಲಿ ಜಾಗ ಜಾಸ್ತಿ ಉಳಿಯಿತು ಅಂತ ಅದನ್ನೇ ದೊಡ್ಡದು ಮಾಡಿದರಂತೂ ಮುಗಿದೇ ಹೋಯಿತು. ನಿಮ್ಮ ಮಾವ ಕೇಳಿದ್ದು ಸರಿಯಾಗಿಯೇ ಇದೆ. ಅದರ ಕೆಳಗೆ ‘ಇಳಕಲ್’ ಅಂತ ಬೇರೆ ಬರುತ್ತದೆ. ನಮ್ಮ ಕಡೆ ಇಳಕಲ್ ಅಂದರೆ ಸೀರೆಯಷ್ಟೇ ಗ್ರಾನೈಟ್ ಕೂಡ ನೆನಪಾಗುತ್ತದೆ. ‘ಟೈಲ್ಸ್’ ಕೆಳಗೆ ‘ಇಳಕಲ್’ ಕಂಡರೆ ಕಲ್ಲಿನ ಅಂಗಡಿ ಅಂತಲೇ ಜನ ತಿಳಿಯುತ್ತಾರೆ.

ಸರಿಯಾದ ದಾರಿ ಬೇರೆ ಇದೆ. ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಗುರುತು ಇದೆ. ಅದರ ಸಂಖ್ಯೆ U+200C. ಅರ್ಧಾಕ್ಷರದ ನಂತರ ಇದನ್ನು ಹಾಕಿದರೆ ಮುಂದಿನ ವ್ಯಂಜನ ಒತ್ತಾಗುವುದಿಲ್ಲ. ನಡುವೆ ಜಾಗವೂ ಬೀಳುವುದಿಲ್ಲ, ಸಾಲೂ ಅಲ್ಲಿ ಮುರಿಯುವುದಿಲ್ಲ. ಡಿಸೈನರ್‌ಗೆ ಈ ಸಾಲನ್ನು ಹಾಗೇ ತೋರಿಸಿ:

```
ಟ ೆ ಕ ್ ಸ ್ U+200C ಟ ೈ ಲ ್ ಸ ್
```

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹೀಗೆ ಮಾಡಬಹುದು. ಮೊದಲು ‘ಟೆಕ್ಸ್’ ಮತ್ತು ‘ಟೈಲ್ಸ್’ ನಡುವೆ ಸ್ಪೇಸ್ ಕೊಟ್ಟು ಟೈಪ್ ಮಾಡಿ. ಆ ಸ್ಪೇಸ್ ಆದ ಮೇಲೆ 200C ಅಂತ ಬರೆದು Alt+X ಒತ್ತಿ. ಬರೆದದ್ದು ಮಾಯವಾಗಿ ಗುರುತು ಬಂದು ಕೂರುತ್ತದೆ. ಆಮೇಲೆ ಮೊದಲಿನ ಸ್ಪೇಸ್ ಅಳಿಸಿ. ಈಗ ಕಾಣುವುದು ‘ಟೆಕ್ಸ್‌ಟೈಲ್ಸ್’. ಇದನ್ನೇ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಡಿಸೈನರ್‌ಗೆ ಕಳಿಸಿ. ಅವರ ಸಾಫ್ಟ್‌ವೇರ್‌ನಲ್ಲಿ ಆ ಜಾಗದಲ್ಲಿ ಸಣ್ಣ ಚೌಕ ಅಥವಾ ಚುಕ್ಕಿಗಳ ವೃತ್ತ ಕಂಡರೆ ಫಾಂಟ್‌ಗೆ ಆ ಗುರುತು ಗೊತ್ತಿಲ್ಲ ಅಂತ ಅರ್ಥ. ಆಗ ಫಾಂಟ್ ಬದಲಿಸಿ, ಸ್ಪೇಸ್ ಹಾಕಲು ಬಿಡಬೇಡಿ.

ಒಂದು ಅಡ್ಡಿ ಬರಬಹುದು. ನಮ್ಮ ಊರುಗಳ ಬೋರ್ಡ್ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟ್‌ಗಳು ಇನ್ನೂ ಓಡುತ್ತಿವೆ. ಅವು ಯೂನಿಕೋಡ್ ಅಲ್ಲ. ಅವುಗಳಲ್ಲಿ ‘ಕನ್ನಡ’ ಅನ್ನುವ ಪದ ಕಂಪ್ಯೂಟರ್ ಒಳಗೆ PÀ£ÀßqÀ ಅಂತ ಇರುತ್ತದೆ, ಮೇಲಿನ ವೇಷ ಮಾತ್ರ ಕನ್ನಡ. ನೀವು ಕಳಿಸಿದ ಯೂನಿಕೋಡ್ ಪಠ್ಯ ಆ ಫಾಂಟ್‌ನಲ್ಲಿ ಬರುವುದಿಲ್ಲ. ಅವರು ಮತ್ತೆ ಟೈಪ್ ಮಾಡುತ್ತಾರೆ, ಇಲ್ಲವೇ ಕನ್ವರ್ಟರ್‌ಗೆ ಹಾಕುತ್ತಾರೆ. ಕನ್ವರ್ಟ್ ಮಾಡುವಾಗ ಈ ಕಾಣದ ಗುರುತು ಬಿದ್ದುಹೋಗಬಹುದು. ಅದಕ್ಕೇ ಫೈಲ್ ಒಂದು ಕಡೆಯಿಂದ ಇನ್ನೊಂದು ಕಡೆ ಹೋದಾಗಲೆಲ್ಲ ಈ ಒಂದು ಪದವನ್ನು ಮತ್ತೆ ನೋಡಿ. ಹಳೆಯ ಫಾಂಟ್ ಬಳಸಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಒತ್ತು ಸರಿಯಾಗಿ ಕೂತಿದ್ದರೆ ಬೋರ್ಡಿಗೆ ಅಷ್ಟೇ ಸಾಕು.

ಯೂನಿಕೋಡ್ ಬಳಸಿದಾಗ ಬರುವ ತೊಂದರೆ ಬೇರೆ. ಫೋಟೋಶಾಪ್ ಅಥವಾ ಇಲ್ಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಆನ್ ಮಾಡದಿದ್ದರೆ ‘ಶ್ರೀ’ ಬದಲು ಶ, ರ, ದೀರ್ಘ ಎಲ್ಲ ಬಿಡಿಬಿಡಿಯಾಗಿ ಬೀಳುತ್ತವೆ. ಇಲ್ಲಸ್ಟ್ರೇಟರ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಲ್ಲಿ ಭಾರತೀಯ ಲಿಪಿಗೆ ಬೇಕಾದ Composer ಆರಿಸಿದರೆ ಸರಿಹೋಗುತ್ತದೆ. ಇದು ಇಂಥ ತಪ್ಪು ಅಂತ ಗುರುತಿಸಲು ‘ಶ್ರೀ’ ಒಂದೇ ಸಾಕು. ಅದು ಕೂಡಿಕೊಂಡು ಬಂದಿದ್ದರೆ ಸೆಟ್ಟಿಂಗ್ ಸರಿ ಇದೆ.

ಈಗ ಅಳತೆಗೆ ಬರೋಣ. ಸಾಲು ಎಲ್ಲಿ ಮುರಿಯಬೇಕು ಅನ್ನುವುದು ಇಲ್ಲೇ ತೀರ್ಮಾನವಾಗುವುದು.

ನಿಮ್ಮ ಬೋರ್ಡ್ 120 ಇಂಚು ಅಗಲ, 36 ಇಂಚು ಎತ್ತರ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅಂದರೆ ಮೇಲಿನ 21.6 ಇಂಚು ಕನ್ನಡದ್ದು ಅಂತ ಲೆಕ್ಕ ಹಿಡಿಯಿರಿ. ಈ ಎತ್ತರವನ್ನು ಇಂಗ್ಲಿಷ್ ಅಕ್ಷರದಂತೆ ಪೂರ್ತಿ ತುಂಬಲು ಆಗುವುದಿಲ್ಲ. ಕನ್ನಡ ಸಾಲಿಗೆ ಅಕ್ಷರದ ಎತ್ತರದ ಜೊತೆ ಕೆಳಗೆ ಒತ್ತಿನ ಜಾಗವೂ ಬೇಕು. ದಪ್ಪ ಫಾಂಟ್‌ಗಳಲ್ಲಿ ಇದು ಅಕ್ಷರದ ಎತ್ತರದ ಅರ್ಧದಷ್ಟು ಅಂತ ಸುಮಾರಾಗಿ ಹಿಡಿಯಬಹುದು. ನಿಮ್ಮ ಫಾಂಟ್‌ನಲ್ಲಿ ಎಷ್ಟು ಅನ್ನುವುದನ್ನು ಪ್ರೂಫ್ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ.

ಎರಡು ಸಾಲು ಮಾಡಿದರೆ ಹೇಗಿರುತ್ತದೆ ನೋಡಿ. ಮೇಲೆ ‘ಶ್ರೀ ಬನಶಂಕರಿ’, ಕೆಳಗೆ ‘ಟೆಕ್ಸ್‌ಟೈಲ್ಸ್’. ಪ್ರತಿ ಸಾಲಿಗೆ 6 ಇಂಚು ಅಕ್ಷರ, 3 ಇಂಚು ಒತ್ತು. ಎರಡು ಸಾಲಿಗೆ 18 ಇಂಚು ಆಯಿತು. ಮೇಲೆ ಕೆಳಗೆ ಅಂಚು ಬಿಟ್ಟರೆ 21 ಮುಗಿಯಿತು. ಅಂದರೆ ಅಕ್ಷರ 6 ಇಂಚಿಗಿಂತ ದೊಡ್ಡದಾಗುವುದಿಲ್ಲ. ಇದನ್ನು ದೊಡ್ಡದು ಮಾಡಬೇಕು ಅಂತ ಡಿಸೈನರ್ ಸಾಲುಗಳನ್ನು ಒತ್ತಿ ಹತ್ತಿರ ತರುತ್ತಾರೆ. ಆಗ ‘ಶ್ರೀ’ಯ ಕೆಳಗಿನ ರ ಒತ್ತು ನೇರವಾಗಿ ಎರಡನೇ ಸಾಲಿನ ‘ಟೆ’ ತಲೆಗೆ ತಾಗುತ್ತದೆ. ಎಡಕ್ಕೆ ಸೇರಿಸಿ ಬರೆದರೆ ಈ ಡಿಕ್ಕಿ ಖಂಡಿತ. ನಡುವಿಗೆ ಬರೆದರೆ ಎರಡನೇ ಸಾಲು ಚಿಕ್ಕದಾದ್ದರಿಂದ ‘ಶ್ರೀ’ ಖಾಲಿ ಜಾಗದ ಮೇಲೆ ಬಂದು ಪಾರಾಗುತ್ತದೆ. ಆದರೆ ಎರಡೂ ಸಾಲು ಒಂದೇ ಅಗಲ ಇರಲಿ ಅಂತ ಕೆಳಗಿನದನ್ನು ಹಿಗ್ಗಿಸಿದ ಕ್ಷಣ ಮತ್ತೆ ತಾಗುತ್ತದೆ.

ಪೂರ್ತಿ ಹೆಸರನ್ನು ಒಂದೇ ಸಾಲಿನಲ್ಲಿ ಹಾಕಿದರೆ ಅಗಲ ಅಡ್ಡ ಬರುತ್ತದೆ. ಶ್ರೀ, ಶಂ, ಟೈ, ಲ್ಸ್ ಇವೆಲ್ಲ ಅಗಲದ ಅಕ್ಷರಗಳು. ಸಾಮಾನ್ಯ ದಪ್ಪ ಫಾಂಟ್‌ನಲ್ಲಿ ಈ ಹೆಸರಿನ ಒಟ್ಟು ಅಗಲ ಅಕ್ಷರದ ಎತ್ತರದ 14 ಪಟ್ಟು ಹತ್ತಿರ ಬರುತ್ತದೆ. ಎರಡೂ ಬದಿ 4 ಇಂಚು ಬಿಟ್ಟರೆ ಉಳಿಯುವುದು 112 ಇಂಚು. ಅಂದರೆ 8 ಇಂಚಿನ ಅಕ್ಷರ. ಆಗಲೇ ಎರಡು ಸಾಲಿಗಿಂತ ದೊಡ್ಡದಾಯಿತು ನೋಡಿ. ಸಾಲು ಮುರಿದರೆ ಅಕ್ಷರ ದೊಡ್ಡದು ಮಾಡಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಡ್ಡ ಉದ್ದದ ಬೋರ್ಡಿನಲ್ಲಿ, ಒತ್ತು ಜಾಸ್ತಿ ಇರುವ ಹೆಸರಿಗೆ, ಹಾಗಾಗುವುದಿಲ್ಲ.

ನನ್ನ ಸಲಹೆ ಇದು. ‘ಶ್ರೀ’ ಅನ್ನು ನಮ್ಮ ಹಳೆಯ ಬೋರ್ಡುಗಳಲ್ಲಿ ಇರುವಂತೆ ಮೇಲೆ ನಡುವಿಗೆ ಚಿಕ್ಕದಾಗಿ ಇಡಿ, 3 ಇಂಚು ಸಾಕು. ಕೆಳಗೆ ‘ಬನಶಂಕರಿ ಟೆಕ್ಸ್‌ಟೈಲ್ಸ್’ ಒಂದೇ ಸಾಲಿನಲ್ಲಿ. ಈಗ ಅಗಲ 12 ಪಟ್ಟಿಗೆ ಇಳಿಯಿತು, ಅಕ್ಷರ 9 ಇಂಚಿಗೆ ಏರಿತು. ಎತ್ತರದ ಲೆಕ್ಕವೂ ಕೂಡುತ್ತದೆ. ಶ್ರೀ ಮತ್ತು ಅದರ ಒತ್ತಿಗೆ ನಾಲ್ಕೂವರೆ, ಹೆಸರಿಗೆ 9, ಅದರ ಒತ್ತಿಗೆ ನಾಲ್ಕೂವರೆ, ಒಟ್ಟು 18. ಉಳಿದ ಮೂರೂವರೆ ಇಂಚು ಅಂಚಿಗೆ. ಕೆಳಗಿನ 14.4 ಇಂಚಿನಲ್ಲಿ ಇಂಗ್ಲಿಷ್ ಹೆಸರು, ಸೀರೆ ಖಣದ ಸಾಲು, ಫೋನ್, ಜಿಎಸ್‌ಟಿ ನಂಬರ್ ಎಲ್ಲ ಹಿಡಿಸುತ್ತವೆ.

ಇಷ್ಟಾದರೂ ಜಾಗ ಸಾಲದು ಅನ್ನಿಸಿದರೆ ಅಕ್ಷರವನ್ನು ಎಳೆದು ಅಥವಾ ಹಿಂಡಿ ಕೂರಿಸಲು ಬಿಡಬೇಡಿ. ಅಡ್ಡಕ್ಕೆ ಹಿಂಡಿದರೆ ನಿಂತ ಗೆರೆಗಳು ತೆಳುವಾಗುತ್ತವೆ, ಒತ್ತಿನ ಒಳಗಿನ ಸಂದು ಮುಚ್ಚುತ್ತದೆ. Anek Kannada ಫಾಂಟ್‌ನಲ್ಲಿ ಕಡಿಮೆ ಅಗಲದ ರೂಪಗಳನ್ನು ಫಾಂಟ್ ಮಾಡಿದವರೇ ಕೊಟ್ಟಿದ್ದಾರೆ, ಅದನ್ನು ಹಾಕಿಸಿ. Baloo Tamma 2 ಮತ್ತು Noto Sans Kannada ಫಾಂಟ್‌ಗಳ ದಪ್ಪ ರೂಪಗಳನ್ನೂ ಹೋಲಿಸಿ ನೋಡಿ. ಈ ಮೂರೂ ಉಚಿತ. ಹೋಲಿಸುವಾಗ ‘ಬನಶಂಕರಿ’ ನೋಡಬೇಡಿ, ಅದು ಎಲ್ಲದರಲ್ಲೂ ಚೆನ್ನಾಗಿಯೇ ಕಾಣುತ್ತದೆ. ‘ಕ್ಸ್’, ‘ಟೈ’, ‘ಲ್ಸ್’ ಮಾತ್ರ ನೋಡಿ. ‘ಟೆಕ್ಸ್‌ಟೈಲ್ಸ್’ ಅನ್ನುವ ನಾಲ್ಕು ಅಕ್ಷರದ ಪದದಲ್ಲಿ ಕೆಳಗೆ ಇಳಿಯುವ ಮೂರು ತುಂಡುಗಳಿವೆ. ಮೊದಲ ಸ ಒತ್ತು, ಐತ್ವದ ಸುರುಳಿ, ಕೊನೆಯ ಸ ಒತ್ತು. ಈ ಮೂರೂ ಒಂದಕ್ಕೊಂದು ತಾಗದೆ, ತಮ್ಮ ತಮ್ಮ ಅಕ್ಷರದ ಹತ್ತಿರವೇ ಇರಬೇಕು. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದಾಗ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒತ್ತು ತನ್ನ ಅಕ್ಷರ ಬಿಟ್ಟು ಬಲಕ್ಕೆ ಸರಿಯುತ್ತದೆ. ಮೊದಲ ಸ ಒತ್ತು ಹೀಗೆ ‘ಟೈ’ ಕೆಳಗೆ ಸರಿದರೆ ಓದುವವರು ‘ಟೆಕ್ ಟ್ಸೈ’ ಅಂತ ತಡವರಿಸುತ್ತಾರೆ.

ಹೆಸರು ಇನ್ನೂ ರಿಜಿಸ್ಟರ್ ಆಗಿಲ್ಲದಿದ್ದರೆ ಒಂದು ಮಾತು ಹೇಳಲೇಬೇಕು. ‘ಬನಶಂಕರಿ ಜವಳಿ ಅಂಗಡಿ’ ಅಂತ ಬರೆದು ನೋಡಿ. ಒಂದೇ ಒಂದು ಒತ್ತಿಲ್ಲ. ಒತ್ತಿನ ನಾಲ್ಕೂವರೆ ಇಂಚು ಪೂರ್ತಿ ಉಳಿಯುತ್ತದೆ. ‘ವಸ್ತ್ರ ಭಂಡಾರ’ ಅಂದರೆ ಹಾಗಲ್ಲ. ‘ಸ್ತ್ರ’ದಲ್ಲಿ ತ ಮತ್ತು ರ ಎರಡೂ ಒತ್ತಾಗುತ್ತವೆ, ಕೆಲವು ಫಾಂಟ್‌ಗಳಲ್ಲಿ ಅದು ‘ಕ್ಸ್’ಗಿಂತಲೂ ಆಳಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಜನರಿಗೆ ಜವಳಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ನನಗೆ ಕೇಳಿದರೆ ನಾನು ಅದನ್ನೇ ಆರಿಸುತ್ತೇನೆ. ಆದರೆ ಹೆಸರು ಮನೆಯವರೆಲ್ಲ ಸೇರಿ ಇಟ್ಟದ್ದು, ತೀರ್ಮಾನ ನಿಮ್ಮದು.

ಕೆಳಗಿನ ಸಾಲಿನಲ್ಲಿ ‘ಇಳಕಲ್ ಸೀರೆ’ ಒಟ್ಟಿಗಿರಬೇಕು, ‘ಗುಳೇದಗುಡ್ಡ ಖಣ’ ಒಟ್ಟಿಗಿರಬೇಕು. ಒಂದು ಸಾಲಿಗೆ ಹಿಡಿಸದಿದ್ದರೆ ಅಲ್ಪವಿರಾಮದ ನಂತರವೇ ಮುರಿಯಿರಿ. ಟೆಕ್ಸ್ಟ್ ಬಾಕ್ಸ್ ತಾನಾಗಿ ಮುರಿಯಲು ಬಿಟ್ಟರೆ ‘ಖಣ’ ಒಂಟಿಯಾಗಿ ಕೆಳಗೆ ಬೀಳುತ್ತದೆ. ಎಂಟರ್ ಒತ್ತಿ ಕೈಯಾರೆ ಮುರಿದರೆ ಆ ಭಯವಿಲ್ಲ. ‘ಬನಶಂಕರಿ’ಯನ್ನಂತೂ ಒಡೆಯಲೇಬೇಡಿ. ಬಾಗಿಲ ಪಕ್ಕದ ಉದ್ದುದ್ದ ಬೋರ್ಡಿಗೆ ಅನಿವಾರ್ಯವಾದರೆ ‘ಬನ’ ಮತ್ತು ‘ಶಂಕರಿ’ ಅಂತ ಒಡೆಯಬಹುದು. ‘ಬನಶಂ’ ಮೇಲೆ, ‘ಕರಿ’ ಕೆಳಗೆ ಆದರೆ ದೇವಿಯ ಹೆಸರೇ ಕೆಡುತ್ತದೆ.

ಈಗ ಪರೀಕ್ಷೆ. ಮೊಬೈಲ್‌ನಲ್ಲಿ ಪ್ರೂಫ್ ನೋಡಿ ಓಕೆ ಅನ್ನಬೇಡಿ. ಅಲ್ಲಿ ಹಿಗ್ಗಿಸಿ ನೋಡುವುದರಿಂದ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಎ4 ಹಾಳೆಯ ಮೇಲೆ ಅಡ್ಡಲಾಗಿ, ಬೋರ್ಡಿನ ಅಗಲ ಸರಿಯಾಗಿ 10 ಇಂಚು ಬರುವಂತೆ ಪ್ರಿಂಟ್ ತೆಗೆಸಿ. ಆಗ ಒಂದು ಅಡಿಗೆ ಒಂದು ಇಂಚು ಆಯಿತು, ಅಂದರೆ 12ರಲ್ಲಿ ಒಂದು ಪಾಲು. ದೂರವನ್ನೂ ಅಷ್ಟೇ ಪಾಲು ಕಡಿಮೆ ಮಾಡಿ. ರಸ್ತೆಯ ಆಚೆ ಬದಿ ನಿಮ್ಮ ಅಂಗಡಿಯಿಂದ 50 ಅಡಿ ಇದ್ದರೆ, ಹಾಳೆಯನ್ನು ಗೋಡೆಗೆ ಅಂಟಿಸಿ ನಾಲ್ಕು ಅಡಿ ದೂರ ನಿಲ್ಲಿ. 100 ಅಡಿಗೆ ಎಂಟು ಅಡಿ. ಅಲ್ಲಿಂದ ಒತ್ತುಗಳು ಬೇರೆಬೇರೆಯಾಗಿ ಕಾಣಬೇಕು. ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಅಂತ ಬೋರ್ಡ್ ಮಾಡುವವರ ಒಂದು ಲೆಕ್ಕ ಇದೆ. ಕನ್ನಡಕ್ಕೆ ಅದನ್ನು ಒತ್ತಿನ ಎತ್ತರಕ್ಕೆ ಹಚ್ಚಿ ನೋಡುವುದು ಒಳ್ಳೆಯದು. ನಾಲ್ಕೂವರೆ ಇಂಚಿನ ಒತ್ತು 45 ಅಡಿಯಿಂದ ಸಲೀಸಾಗಿ ಓದಲು ಬರುತ್ತದೆ. ಆರು ಇಂಚಿನ ಅಕ್ಷರದ ಮೂರು ಇಂಚಿನ ಒತ್ತಾದರೆ 30 ಅಡಿಗೇ ಮುಗಿಯುತ್ತದೆ.

ಓದಿಸಬೇಕಾದದ್ದು ಹೆಸರು ಗೊತ್ತಿಲ್ಲದವರಿಂದ. ನಿಮ್ಮ ಮನೆಯವರಿಗೆ ಹೆಸರು ಬಾಯಿಪಾಠ, ಅವರ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡುಬಿಡುತ್ತದೆ. ನಾಲ್ಕನೇ, ಐದನೇ ತರಗತಿಯ ಮಗುವನ್ನು ಕರೆದು ಜೋರಾಗಿ ಓದು ಅನ್ನಿ. ಎಲ್ಲಿ ನಿಲ್ಲುತ್ತದೋ ಅಲ್ಲೇ ತೊಂದರೆ ಇದೆ. ನಿಮ್ಮ ಮಾವನ ಹಾಗೆ ಕಂಡದ್ದನ್ನು ಕಂಡಂತೆ ಹೇಳುವವರಿಗೂ ಹೊಸ ಪ್ರೂಫ್ ತೋರಿಸಿ.

ಅಕ್ಷರಕ್ಕೆ ಬಿಳಿ, ಕಪ್ಪು ಅಂತ ಎರಡೆರಡು ಔಟ್‌ಲೈನ್ ಹಾಕುವುದು ನಮ್ಮಲ್ಲಿ ರೂಢಿ. ಫ್ಲೆಕ್ಸ್‌ನಲ್ಲಿ ಚೆಂದ ಕಾಣುತ್ತದೆ ನಿಜ. ಆದರೆ ಔಟ್‌ಲೈನ್ ದಪ್ಪವಾದಂತೆ ಒತ್ತು ಮತ್ತು ಅಕ್ಷರದ ನಡುವಿನ ಸಂದು ತುಂಬಿಹೋಗುತ್ತದೆ. ಒಂದೇ ಔಟ್‌ಲೈನ್ ಸಾಕು, ಅದೂ ಆ ಸಂದಿಗಿಂತ ತೆಳ್ಳಗಿರಲಿ.

ಇನ್ನು ಲೈಟ್. ನೀವು ಹಾಕಿಸುತ್ತಿರುವುದು ಒಳಗೆ ಎಲ್‌ಇಡಿ ಇರುವ ಉಬ್ಬು ಅಕ್ಷರ. ಕನ್ನಡದ ಒತ್ತುಗಳು ಬಹಳಷ್ಟು ಫಾಂಟ್‌ಗಳಲ್ಲಿ ಮೇಲಿನ ಅಕ್ಷರಕ್ಕೆ ಅಂಟಿರುವುದಿಲ್ಲ, ಬೇರೆ ತುಂಡು. ಅದರ ಗೆರೆ ಒಂದು ಇಂಚಿಗಿಂತ ಸಣ್ಣದಾದರೆ ಒಳಗೆ ಎಲ್‌ಇಡಿ ಮಾಡ್ಯೂಲ್ ಕೂರಿಸುವುದು ಕಷ್ಟ. ಆಗ ಕೆಲಸದವರು ಒತ್ತನ್ನು ಲೈಟ್ ಇಲ್ಲದೆ ಬರೀ ಅಕ್ರಿಲಿಕ್‌ನಲ್ಲಿ ಕತ್ತರಿಸಿ ಅಂಟಿಸುತ್ತಾರೆ. ಹಗಲು ಏನೂ ಗೊತ್ತಾಗುವುದಿಲ್ಲ. ರಾತ್ರಿ ಮಾತ್ರ ಬೋರ್ಡ್ ‘ಟೆಕ್ ಟೈಲ್’ ಅಂತ ಉರಿಯುತ್ತದೆ. ಆರ್ಡರ್ ಕೊಡುವಾಗಲೇ ‘ಎಲ್ಲ ಒತ್ತಿಗೂ, ಐತ್ವದ ಸುರುಳಿಗೂ ಲೈಟ್ ಬರಬೇಕು’ ಅಂತ ಬರೆಸಿಕೊಳ್ಳಿ. ಆಗಲ್ಲ ಅಂದರೆ ಫಾಂಟ್ ಇನ್ನೂ ದಪ್ಪ ಮಾಡಿ, ಅಥವಾ ಅಕ್ಷರದ ಹಿಂದಿನ ಫಲಕವನ್ನೇ ಬೆಳಗಿಸುವ ಗ್ಲೋ ಸೈನ್ ಬೋರ್ಡ್‌ಗೆ ಹೋಗಿ. ಅದರಲ್ಲಿ ಒತ್ತು ಎಷ್ಟು ಸಣ್ಣದಿದ್ದರೂ ಕಾಣುತ್ತದೆ.

ಕಟಿಂಗ್‌ಗೆ ಫೈಲ್ ಹೋಗುವ ಮೊದಲು ಅಕ್ಷರಗಳನ್ನು ಕರ್ವ್ ಮಾಡುತ್ತಾರೆ, ಅಂದರೆ ಬರೀ ಗೆರೆಯ ಚಿತ್ರವಾಗಿ ಬದಲಿಸುತ್ತಾರೆ. ಅದು ಬೇಕು, ಇಲ್ಲದಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ ಫಾಂಟ್ ಬದಲಾಗುತ್ತದೆ. ಒತ್ತು ಮತ್ತು ಅಕ್ಷರ ಒಂದರ ಮೇಲೊಂದು ಬಂದಿರುವ ಕಡೆ ಕೋರಲ್‌ಡ್ರಾದಲ್ಲಿ Combine ಮಾಡಿದರೆ ಆ ಜಾಗ ತೂತಾಗುತ್ತದೆ. Weld ಮಾಡಿದರೆ ಸೇರಿಕೊಳ್ಳುತ್ತದೆ. ಕರ್ವ್ ಆದ ಮೇಲಿನ ಫೈಲ್‌ನದ್ದೇ ಒಂದು ಪ್ರಿಂಟ್ ಕೇಳಿ ಪಡೆಯಿರಿ, ಸಹಿ ಹಾಕುವುದು ಅದರ ಮೇಲೆ. ಆಮೇಲೆ ಅಕ್ಷರ ತಿದ್ದಲು ಬರುವುದಿಲ್ಲ.

ಬೋರ್ಡ್ ಕೂರಿಸುವ ದಿನ ನೀವೋ ಮನೆಯವರೋ ಒಬ್ಬರು ಅಲ್ಲಿರಿ. ಬಿಡಿ ಅಕ್ಷರ ಕೂರಿಸುವವರು ಪೂರ್ತಿ ಅಳತೆಯ ಪೇಪರ್ ಟೆಂಪ್ಲೇಟ್ ಅಂಟಿಸಿಕೊಂಡು ಅದರ ಮೇಲೆ ತೂತು ಹಾಕಬೇಕು. ಟೆಂಪ್ಲೇಟ್ ಇಲ್ಲದೆ ಅಂದಾಜಿನಲ್ಲಿ ಒತ್ತು ಅಂಟಿಸಿದರೆ ಒಂದೆರಡು ಇಂಚು ಆಚೀಚೆ ಆಗುತ್ತದೆ. ನಿಮ್ಮ ಹೆಸರಿನಲ್ಲಿ ಎರಡು ಸ ಒತ್ತುಗಳಿವೆ. ಮೊದಲನೆಯದು ‘ಕ್’ ಜೊತೆಗೆ, ಎರಡನೆಯದು ‘ಲ್’ ಜೊತೆಗೆ. ಅವುಗಳನ್ನು ಬಿಗಿ ಮಾಡುವ ಮುನ್ನ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ, ಲೈಟ್ ಹಾಕಿಸಿ ಇನ್ನೊಮ್ಮೆ ನೋಡಿ, ಆಮೇಲೆ ಸಿಲಿಕೋನ್ ಅಂಟು ಹಾಕಲು ಹೇಳಿ.